ರಾತ್ರಿ ಪಾಳಿಯಲ್ಲಿ ಭಾಷೆ ಅದಲುಬದಲಾದ ಚಾಟ್‌ಬಾಟ್: ಒಂದು ಪ್ರಕರಣ ಅಧ್ಯಯನ

ಕಂಪನಿ ಯಾವ್ದು, ಜನ ಯಾರು, ಏನು ಮಾರ್ತಾರೆ ಅಂತ ಹೇಳಲ್ಲ, ಗುರುತು ಸಿಗೋ ಥರದ ಒಂದೆರಡು ವಿವರ ಬದಲಾಯಿಸಿದೀನಿ. ತಪ್ಪು ಯಾವ ಕ್ರಮದಲ್ಲಿ ನಡೀತು, ಯಾರು ಯಾವಾಗ ಏನು ತೀರ್ಮಾನ ತಗೊಂಡ್ರು ಅನ್ನೋದು ನಡೆದ ಹಾಗೇ ಇದೆ. ಆಮೇಲಿನ ರಿವ್ಯೂನಲ್ಲಿ ನಾನೂ ಕೂತಿದ್ದೆ, ಲಾಗ್ ಎಲ್ಲ ಓದಿದೀನಿ.

ಮೊದ್ಲು ಸೆಟಪ್ ಹೇಗಿತ್ತು

ಅದು ಕಸ್ಟಮರ್ ಸಪೋರ್ಟ್ ಚಾಟ್‌ಬಾಟ್. ಗ್ರಾಹಕರು ಕನ್ನಡ, ತಮಿಳು, ತೆಲುಗು, ಹಿಂದಿ, ಮರಾಠಿ, ಇಂಗ್ಲಿಷ್ ಯಾವುದರಲ್ಲಾದ್ರೂ ಟೈಪ್ ಮಾಡಬಹುದು. ಮೆಸೇಜ್ ಬಂದ ತಕ್ಷಣ ಒಂದು ಸಣ್ಣ ಡಿಟೆಕ್ಟರ್ ಭಾಷೆ ಗುರುತಿಸುತ್ತೆ, ಆಮೇಲೆ ಹೆಲ್ಪ್ ಲೇಖನಗಳ ಇಂಡೆಕ್ಸ್‌ನಲ್ಲಿ ಸರ್ಚ್ ಆಗುತ್ತೆ, ಗ್ರಾಹಕರ ಮೆಸೇಜು, ಸಿಕ್ಕ ಲೇಖನ ಎರಡರ ಜೊತೆ "ಇಂಥ ಭಾಷೆಯಲ್ಲಿ ಉತ್ತರ ಕೊಡು" ಅನ್ನೋ ಸೂಚನೆ ಸೇರಿಸಿ ಮಾಡೆಲ್‌ಗೆ ಕಳಿಸ್ತಾರೆ, ಬಂದ ಉತ್ತರದ ತಲೆಗೆ ಗ್ರಾಹಕರ ಹೆಸರು ಹಾಕಿ ನಮಸ್ಕಾರ ಹೇಳಿ ವಾಪಸ್ ಕಳಿಸೋದು. ಇಷ್ಟೇ.

ಕಥೆಗೆ ಬೇಕಾದ ಇನ್ನೆರಡು ವಿಷಯ ಇದೆ. ಒಂದು, ಕೆಲವು ವಾರದ ಹಿಂದೆ ಈ ಸರ್ವಿಸನ್ನ ಹಳೇ ಥ್ರೆಡ್ ಪದ್ಧತಿಯಿಂದ ಅಸಿಂಕ್‌ಗೆ ಬದಲಾಯಿಸಿದ್ರು, ಅಂದ್ರೆ ಮೊದ್ಲು ಒಬ್ಬೊಬ್ಬ ಗ್ರಾಹಕರ ಮೆಸೇಜಿಗೂ ಒಂದೊಂದು ಥ್ರೆಡ್ ಇರ್ತಿತ್ತು, ಈಗ ಒಂದೇ ಥ್ರೆಡ್ಡು ಎಲ್ಲರ ಮೆಸೇಜನ್ನೂ ನೋಡ್ಕೊಳ್ಳುತ್ತೆ, ಒಬ್ಬರ ಕೆಲಸ ಎಲ್ಲೋ ಕಾಯ್ತಾ ನಿಂತಾಗ ಇನ್ನೊಬ್ಬರದ್ದು ಕೈಗೆ ತಗೊಳ್ಳುತ್ತೆ. ಎರಡನೇದು, ಹಗಲು ಎಂಟು ಪ್ರೊಸೆಸ್ ಓಡ್ತಿದ್ವು, ರಾತ್ರಿ ಟ್ರಾಫಿಕ್ ಕಮ್ಮಿ ಅಂತ ಆಟೋಸ್ಕೇಲಿಂಗ್ ಅದನ್ನ ಒಂದಕ್ಕೆ ಇಳಿಸ್ತಿತ್ತು.

ಆ ರಾತ್ರಿ

ಪಾಳಿಯಲ್ಲಿದ್ದದ್ದು ಒಬ್ಬನೇ ಇಂಜಿನಿಯರ್, ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು, ಹುಡುಗ ಚುರುಕು. ರಾತ್ರಿ ಒಂದೂವರೆ ಸುಮಾರಿಗೆ ಸಪೋರ್ಟ್ ಡೆಸ್ಕಿಂದ ಮೆಸೇಜ್ ಬಂತು, ಕನ್ನಡದಲ್ಲಿ ಕೇಳಿದವರಿಗೆ ತೆಲುಗಲ್ಲಿ ಉತ್ತರ ಹೋಗ್ತಿದೆ ನೋಡಿ ಅಂತ. ಅವನು ನೋಡೋಕೆ ಕೂರೋಷ್ಟರಲ್ಲಿ ಇನ್ನೊಂದು ಬಂತು, ತಮಿಳಿನವರಿಗೆ ಹಿಂದಿ. ಆಮೇಲೆ ಇಂಗ್ಲಿಷಿನವರಿಗೆ ಮರಾಠಿ. ಹತ್ತು ನಿಮಿಷದಲ್ಲಿ ಡೆಸ್ಕಿನವರು "ಯಾರಿಗೂ ಅವರ ಭಾಷೇಲಿ ಹೋಗ್ತಿಲ್ಲ ಸರ್" ಅಂತ ಬರೆದ್ರು. (ಇದು ಪೂರ್ತಿ ನಿಜ ಅಲ್ಲ ಅಂತ ಆಮೇಲೆ ಗೊತ್ತಾಯ್ತು. ಅದೃಷ್ಟಕ್ಕೆ ಸರಿಯಾದ ಭಾಷೆ ಸಿಕ್ಕಿದವರು ಯಾಕೆ ಕಂಪ್ಲೇಂಟ್ ಮಾಡ್ತಾರೆ ಹೇಳಿ.)

ಎಲ್ಲರಿಗೂ ಒಂದೇ ತಪ್ಪು ಭಾಷೆ ಹೋಗಿದ್ರೆ ಎಲ್ಲೋ ಒಂದು ಸೆಟ್ಟಿಂಗ್ ಬದಲಾಗಿದೆ ಅಂದ್ಕೋಬಹುದಿತ್ತು. ಇಲ್ಲಿ ಒಬ್ಬೊಬ್ಬರಿಗೆ ಒಂದೊಂದು. ಇದು ದೊಡ್ಡ ಸುಳಿವು, ಆದ್ರೆ ಆ ಹೊತ್ತಲ್ಲಿ ಅವನಿಗೆ ಇದು ಬರೀ ಗೊಂದಲ ಥರ ಕಾಣಿಸ್ತು, ಯಾರಿಗಾದ್ರೂ ಹಾಗೇ ಕಾಣ್ಸೋದು.

ಮೊದಲ ಅನುಮಾನ ಡಿಟೆಕ್ಟರ್ ಮೇಲೆ. ಇದು ಸಹಜ ಯಾಕಂದ್ರೆ ಭಾಷೆ ಗುರುತಿಸೋ ಸಾಫ್ಟ್‌ವೇರ್‌ಗಳು ಚಿಕ್ಕ ಮೆಸೇಜಿನಲ್ಲಿ ಎಡವ್ತಾವೆ, ಬರೀ "ಓಕೆ" ಅಂತ ಬಂದ್ರೆ ಅದು ಯಾವ ಭಾಷೆ ಅಂತ ಯಾರು ಹೇಳ್ತಾರೆ, ಕನ್ನಡವನ್ನ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ್ರಂತೂ ಇನ್ನೂ ಕಷ್ಟ. ಅವನು ಕಂಪ್ಲೇಂಟ್ ಬಂದ ಮೆಸೇಜುಗಳನ್ನ ತಗೊಂಡು ಒಂದೊಂದಾಗಿ ಡಿಟೆಕ್ಟರ್‌ಗೆ ಹಾಕಿ ನೋಡಿದ. ಎಲ್ಲಾ ಸರಿ ಬಂತು. ಕನ್ನಡ ಲಿಪಿಯಲ್ಲಿರೋ ಎರಡು ಸಾಲಿನ ದೂರನ್ನ ತೆಲುಗು ಅಂತ ಯಾವ ಡಿಟೆಕ್ಟರೂ ಹೇಳಲ್ಲ, ಲಿಪಿ ನೋಡಿದ್ರೇ ಸಾಕು. ಹಾಗಾಗಿ ಡಿಟೆಕ್ಟರ್ ಲಿಸ್ಟಿಂದ ಔಟ್.

ಎರಡನೇದು ಮಾಡೆಲ್ ಮೇಲೆ. ಮಾಡೆಲ್ ಸೂಚನೆ ಕೇಳ್ತಿಲ್ಲವೇನೋ ಅಂತ ಪ್ರಾಂಪ್ಟ್‌ನಲ್ಲಿ "ಗ್ರಾಹಕರು ಬರೆದ ಭಾಷೆಯಲ್ಲೇ ಉತ್ತರಿಸು" ಅಂತ ಇನ್ನೊಂದು ಸಾಲು ಸೇರಿಸಿದ. ಇದು ಪರಿಸ್ಥಿತಿನ ಇನ್ನಷ್ಟು ಕೆಡಿಸ್ತು. ಈಗ ಪ್ರಾಂಪ್ಟಲ್ಲಿ ಎರಡು ಸೂಚನೆ ಆಯ್ತು, ಒಂದು ಕಡೆ "ತೆಲುಗಲ್ಲಿ ಕೊಡು" ಅಂತ ಕೋಡ್ ತುಂಬಿದ್ದು, ಇನ್ನೊಂದು ಕಡೆ "ಅವರ ಭಾಷೇಲಿ ಕೊಡು" ಅಂತ ಇವನು ಬರೆದದ್ದು, ಮಾಡೆಲ್ ಕೆಲವು ಸಲ ಅದನ್ನ ಕೆಲವು ಸಲ ಇದನ್ನ ಪಾಲಿಸ್ತು, ಒಂದೆರಡು ಉತ್ತರ ಮೊದಲರ್ಧ ಕನ್ನಡ ಆಮೇಲರ್ಧ ತೆಲುಗಲ್ಲಿ ಹೋಯ್ತು. ದೂರು ಸ್ವಲ್ಪ ಕಮ್ಮಿ ಆಯ್ತು ಬೇರೆ, ಅದೇ ಅಪಾಯ. ತಪ್ಪು ಜಾಗದಲ್ಲಿ ಹಾಕಿದ ತೇಪೆ ಅರ್ಧ ಕೆಲಸ ಮಾಡಿದ್ರೆ ಕಾರಣವೇ ಅದು ಅಂತ ನಂಬ್ಕೊಂಡು ಬಿಡ್ತೀವಿ. ಅವನು ನಂಬಲಿಲ್ಲ, ಆ ಸಾಲನ್ನ ವಾಪಸ್ ತೆಗೆದ. ನನ್ನ ಪ್ರಕಾರ ಆ ರಾತ್ರಿಯ ಒಳ್ಳೇ ತೀರ್ಮಾನಗಳಲ್ಲಿ ಇದೊಂದು, ರಿವ್ಯೂನಲ್ಲಿ ಯಾರೂ ಇದರ ಬಗ್ಗೆ ಮಾತಾಡ್ಲಿಲ್ಲ.

ಆಮೇಲೆ ರೋಲ್‌ಬ್ಯಾಕ್ ಮಾಡೋಣ ಅಂತ ನೋಡಿದ್ರೆ ವಾಪಸ್ ಹೋಗೋಕೆ ಏನೂ ಇಲ್ಲ, ಮೂರು ದಿನದಿಂದ ಯಾವ ಡಿಪ್ಲಾಯ್‌ಮೆಂಟೂ ಆಗಿಲ್ಲ. ಸರಿ ರೀಸ್ಟಾರ್ಟ್ ಮಾಡಿದ. ಸರಿಯಾಯ್ತು! ಐದಾರು ನಿಮಿಷ ಎಲ್ಲರಿಗೂ ಅವರವರ ಭಾಷೇಲೇ ಉತ್ತರ, ಇವನು ಇನ್ಸಿಡೆಂಟ್ ಕ್ಲೋಸ್ ಮಾಡಿ ನಿಟ್ಟುಸಿರು ಬಿಟ್ಟ, ಮತ್ತೆ ಶುರು. ಯಾಕೆ ಹಾಗಾಯ್ತು ಅಂದ್ರೆ ರೀಸ್ಟಾರ್ಟ್ ಮಾಡಿದಾಗ ಕಾಯ್ತಿದ್ದ ಕನೆಕ್ಷನ್ ಎಲ್ಲ ಕಟ್ ಆಗಿ, ಸ್ವಲ್ಪ ಹೊತ್ತು ಒಂದು ಸಲಕ್ಕೆ ಒಬ್ಬರೋ ಇಬ್ಬರೋ ಮಾತ್ರ ಇದ್ರು.

ಲಾಗ್ ಹೇಳಿದ ಸುಳ್ಳು

ಇಲ್ಲಿಂದ ಪ್ರಕರಣ ಮಜಾ ಬರುತ್ತೆ. ಅವನು ಬಾಟ್‌ನ ಲಾಗ್ ತೆಗೆದು ಸಾಲು ಸಾಲಾಗಿ ಓದಿದ. ಪ್ರತಿ ಸಾಲಲ್ಲೂ ಗ್ರಾಹಕರ ಐಡಿ, ಗುರುತಿಸಿದ ಭಾಷೆ, ಉತ್ತರದ ಭಾಷೆ ಇರುತ್ತೆ. ಎಲ್ಲಾ ಹೊಂದ್ತಿತ್ತು. ತಮಿಳು ಗ್ರಾಹಕರು, ತಮಿಳು ಉತ್ತರ. ಹಿಂದಿ ಗ್ರಾಹಕರು, ಹಿಂದಿ ಉತ್ತರ. ಒಂದೇ ಒಂದು ತಪ್ಪಿಲ್ಲ. ಡೆಸ್ಕಿನವರು ಸ್ಕ್ರೀನ್‌ಶಾಟ್ ಕಳಿಸ್ತಿದಾರೆ, ಲಾಗ್ ಮಾತ್ರ ಎಲ್ಲ ಸರಿ ಅಂತಿದೆ.

ಎರಡೂ ನಿಜ ಆಗೋಕೆ ಸಾಧ್ಯ ಇಲ್ಲ, ಹಾಗಾಗಿ ಅವನು ಮೂರನೇ ಸಾಕ್ಷಿ ಹುಡುಕಿದ. ಬಾಟ್‌ಗಿಂತ ಮುಂಚೆ ಎಲ್ಲ ಮೆಸೇಜೂ ಹಾದು ಬರೋ ಒಂದು ಗೇಟ್‌ವೇ ಇದೆ, ಅದರದ್ದೇ ಬೇರೆ ಲಾಗ್, ಅದು ಬಾಟ್‌ನ ಕೋಡನ್ನ ಮುಟ್ಟೋದೇ ಇಲ್ಲ. ಒಂದು ನಿಮಿಷದ ಗೇಟ್‌ವೇ ಲಾಗನ್ನೂ ಅದೇ ನಿಮಿಷದ ಬಾಟ್ ಲಾಗನ್ನೂ ಪಕ್ಕಪಕ್ಕ ಇಟ್ಟ. ಗೇಟ್‌ವೇ ಪ್ರಕಾರ ಹನ್ನೊಂದು ಜನ ಬೇರೆ ಬೇರೆ ಗ್ರಾಹಕರು ಬಂದಿದಾರೆ. ಬಾಟ್ ಲಾಗಲ್ಲೂ ಹನ್ನೊಂದು ಉತ್ತರ ಇದೆ, ಆದ್ರೆ ಗ್ರಾಹಕರು ನಾಲ್ಕೇ ಜನ! ಒಬ್ಬರಿಗೇ ನಾಲ್ಕು ಉತ್ತರ ಹೋಗಿದೆ ಅನ್ನುತ್ತೆ, ಏಳು ಜನ ಬಂದೇ ಇಲ್ಲ ಅನ್ನುತ್ತೆ.

ಅಂದ್ರೆ ತಪ್ಪಿರೋದು ಭಾಷೆ ಒಂದೇ ಅಲ್ಲ. ಈಗ ಕೈಯಲ್ಲಿರೋ ಕೆಲಸ ಯಾರದ್ದು ಅನ್ನೋದೇ ಬಾಟ್‌ಗೆ ಮರೆತು ಹೋಗಿದೆ, ಲಾಗ್ ಬರೆಯೋ ಕೋಡೂ ಅದೇ ಮರೆತ ಜಾಗದಿಂದ ಐಡಿ ಎತ್ಕೊಳ್ತಿರೋದ್ರಿಂದ ಎಲ್ಲಾ ಒಂದಕ್ಕೊಂದು ತಾಳೆ ಆಗ್ತಿದೆ.

ಆಗ ಅವನು ಲೀಡ್‌ಗೆ ಫೋನ್ ಮಾಡಿದ. ರಾತ್ರಿ ಮೂರು ಗಂಟೆಗೆ ಹತ್ತಿರ ಆಗಿತ್ತು.

"ಮೇಡಂ, ಎಬ್ಬಿಸಿದ್ದಕ್ಕೆ ಸಾರಿ. ಬಾಟ್ ಎಲ್ಲರಿಗೂ ತಪ್ಪು ಭಾಷೇಲಿ ಮಾತಾಡ್ತಿದೆ."

"ಭಾಷೆ ತಾನೆ, ಬೆಳಗ್ಗೆ ನೋಡಿದ್ರಾಗಲ್ವಾ?"

"ಭಾಷೆ ಅಷ್ಟೇ ಅಂತ ನಂಗೆ ಅನ್ನಿಸ್ತಿಲ್ಲ ಮೇಡಂ. ಲಾಗಲ್ಲಿ ಕಸ್ಟಮರ್ ಐಡಿನೂ ಬೇರೆಯವರದ್ದು ಬರ್ತಿದೆ."

ಒಂದು ಕ್ಷಣ ಸುಮ್ನಾದ್ರಂತೆ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಭಾಷೆ ಇಟ್ಟಿರೋ ಜಾಗದಲ್ಲೇ ಇನ್ನೇನೇನು ಇಟ್ಟಿದೀವಿ ನೋಡಿದ್ಯಾ?"

ಇನ್ನೂ ನೋಡಿರಲಿಲ್ಲ. "ನೋಡೋಕ್ಮುಂಚೆ ಬಾಟ್ ಆಫ್ ಮಾಡು, ಎಲ್ಲಾನೂ ಡೆಸ್ಕ್ ಕ್ಯೂಗೆ ಹಾಕು, ಕಾಯೋದಾದ್ರೆ ಕಾಯ್ಲಿ. ಬೈಗುಳ ನಾನು ತಿಂತೀನಿ" ಅಂದ್ರು.

ಇಲ್ಲೇ ಪ್ರಕರಣ ತಿರುಗಿದ್ದು. ಕಾರಣ ಇನ್ನೂ ಗೊತ್ತಿಲ್ಲ, ಬೇರೆ ಏನು ಸೋರಿದೆ ಅನ್ನೋದೂ ಗೊತ್ತಿಲ್ಲ, ಆದ್ರೂ ಆಫ್ ಮಾಡಿದ್ರು. ತಪ್ಪು ಭಾಷೆ ಅನ್ನೋದು ಕಿರಿಕಿರಿ, ನಗೋಕೂ ಆಗುತ್ತೆ, ಒಬ್ಬರ ವಿವರ ಇನ್ನೊಬ್ಬರಿಗೆ ಹೋಗೋದು ಬೇರೆ ತೂಕದ ವಿಷಯ. ಎರಡಕ್ಕೂ ಒಂದೇ ಕಾರಣ ಇರಬಹುದು ಅನ್ನೋ ಅನುಮಾನ ಬಂದ ಮೇಲೆ ಪುರಾವೆ ಸಿಗೋವರೆಗೂ ಓಡಿಸ್ತಾ ಕೂರೋದು ಸರಿಯಲ್ಲ. ರಿವ್ಯೂನಲ್ಲಿ ಒಬ್ಬರು, ನಾಲ್ಕು ಗಂಟೆ ಬಾಟ್ ನಿಲ್ಸಿದ್ದು ಅತಿಯಾಯ್ತು ಅಂದ್ರು. ನಾನು ಒಪ್ಪಲ್ಲ.

ಕೋಡಲ್ಲಿ ಏನಿತ್ತು

ಸುಲಭ ಮಾಡಿ ಹಾಕಿದ್ರೆ ಇಷ್ಟು:

```python
ctx = threading.local()

async def handle(msg):
    ctx.lang = detect(msg.text)
    ctx.name = msg.name
    ctx.user_id = msg.user_id  # ಲಾಗ್‌ಗೆ
    docs = await search(msg.text)
    return await generate(msg.text, docs, ctx.lang, ctx.name)
```

`threading.local()` ಅಂದ್ರೆ ಒಂದೊಂದು ಥ್ರೆಡ್‌ಗೂ ಅದರದ್ದೇ ಪ್ರತ್ಯೇಕ ಜಾಗ. ಹಳೇ ಪದ್ಧತೀಲಿ ಒಬ್ಬ ಗ್ರಾಹಕರಿಗೆ ಒಂದು ಥ್ರೆಡ್ ಇದ್ದಾಗ ಇದು ನೂರಕ್ಕೆ ನೂರು ಸರಿ. ಅಸಿಂಕ್‌ಗೆ ಬಂದ ಮೇಲೆ ಎಲ್ಲ ಗ್ರಾಹಕರೂ ಒಂದೇ ಥ್ರೆಡ್ಡಲ್ಲಿ, ಹಾಗಾಗಿ ಆ ಪ್ರತ್ಯೇಕ ಜಾಗ ಎಲ್ಲರೂ ಬರೆದು ಅಳಿಸೋ ಒಂದೇ ಸ್ಲೇಟು ಆಯ್ತು. ಕೋಡ್ ರಿವ್ಯೂ ಮಾಡಿದವರು ಇದನ್ನ ನೋಡಿದಾರೆ, ನೋಡಿ ಮುಂದೆ ಹೋಗಿದಾರೆ, ಯಾಕಂದ್ರೆ ಆ ಹೆಸರೇ "ಇದು ಸೇಫ್" ಅಂತ ಹೇಳುತ್ತೆ. ಬರೀ ಗ್ಲೋಬಲ್ ವೇರಿಯಬಲ್ ಇದ್ದಿದ್ರೆ ಖಂಡಿತ ಹಿಡೀತಿದ್ರು.

ಈಗ ಆ `await search` ಸಾಲು ನೋಡಿ. ಕನ್ನಡದವರ ಮೆಸೇಜ್ ಬಂತು, ಸ್ಲೇಟಲ್ಲಿ ಕನ್ನಡ ಅಂತ ಬರೀತು, ಸರ್ಚ್‌ಗೆ ಕಳಿಸಿ ಕಾಯ್ತಾ ನಿಲ್ತು. ಕಾಯೋ ಹೊತ್ತಲ್ಲಿ ತೆಲುಗಿನವರು ಬಂದ್ರು, ಸ್ಲೇಟಲ್ಲಿ ತೆಲುಗು. ಸರ್ಚ್ ಮುಗಿಸಿ ಕನ್ನಡದವರ ಕೆಲಸ ವಾಪಸ್ ಬಂದು ಸ್ಲೇಟ್ ನೋಡಿದ್ರೆ ತೆಲುಗು ಅಂತ ಇದೆ, ಅದನ್ನೇ ಮಾಡೆಲ್‌ಗೆ ಹೇಳ್ತು. ಅಂದ್ರೆ ಪ್ರತಿಯೊಬ್ಬರಿಗೂ ತಮ್ಮ ನಂತರ ಬಂದವರ ಭಾಷೆ ಸಿಗ್ತಿತ್ತು. ಕೊನೇಲಿ ಬಂದವರಿಗೆ ಮಾತ್ರ ಸರಿಯಾದ್ದು, ಆದ್ರೆ ಜನ ಬರ್ತಾನೇ ಇದ್ರೆ ಕೊನೆಯವರು ಅಂತ ಯಾರೂ ಇರಲ್ಲ.

ಹಾಗಾದ್ರೆ ಇಷ್ಟು ವಾರ ಯಾಕೆ ಗೊತ್ತಾಗ್ಲಿಲ್ಲ? ಸರ್ಚ್ ಸಾಮಾನ್ಯವಾಗಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮುಗೀತಿತ್ತು. ಅಷ್ಟು ಚಿಕ್ಕ ಕಿಂಡಿಯಲ್ಲಿ ಅದೇ ಪ್ರೊಸೆಸ್‌ಗೆ ಇನ್ನೊಬ್ಬರು ಬರಬೇಕು, ಅವರ ಭಾಷೆ ಬೇರೆ ಇರಬೇಕು, ಆಗ ಮಾತ್ರ ತಪ್ಪು. ಹಗಲು ಎಂಟು ಪ್ರೊಸೆಸ್‌ಗೆ ಜನ ಹಂಚಿ ಹೋಗೋದ್ರಿಂದ ಇನ್ನೂ ಅಪರೂಪ. ಆದ್ರೂ ಆಗಿತ್ತು, ಹಳೇ ಟಿಕೆಟ್ ಹುಡುಕಿದಾಗ "ನಂಗ್ಯಾಕೆ ಮರಾಠೀಲಿ ಉತ್ತರ ಕೊಟ್ರಿ" ಅನ್ನೋ ಥರದ ದೂರುಗಳು ಅಲ್ಲೊಂದು ಇಲ್ಲೊಂದು ಸಿಕ್ಕಿದ್ವು, ಎಲ್ಲಾನೂ ಗ್ರಾಹಕರೇ ಭಾಷೆ ಕಲಸಿರ್ತಾರೆ ಅಂತ ಕ್ಲೋಸ್ ಮಾಡಿದ್ರು.

ಆ ರಾತ್ರಿ ಏನು ಬೇರೆ ಅಂದ್ರೆ, ಸಂಜೆ ಕಂಟೆಂಟ್ ಟೀಮಿನವರು ಹೊಸ ಲೇಖನಗಳ ದೊಡ್ಡ ಗಂಟನ್ನೇ ಅಪ್‌ಲೋಡ್ ಮಾಡಿದ್ರು. ದಿನಾ ರಾತ್ರಿ ಒಂದು ಗಂಟೆಗೆ ಇಂಡೆಕ್ಸನ್ನ ಹೊಸದಾಗಿ ಕಟ್ಟೋ ಜಾಬ್ ಓಡುತ್ತೆ, ಯಾವಾಗ್ಲೂ ಬೇಗ ಮುಗಿಯೋದು ಅವತ್ತು ಗಂಟೆಗಟ್ಟಲೆ ಹಿಡೀತು, ಅಷ್ಟೊತ್ತೂ ಸರ್ಚ್ ಒಂದೊಂದಕ್ಕೆ ಆರೇಳು ಸೆಕೆಂಡು. ಕಿಂಡಿ ಇದ್ದದ್ದು ಬಾಗಿಲಾಯ್ತು, ಜೊತೆಗೆ ಪ್ರೊಸೆಸ್ ಒಂದೇ. ರಾತ್ರಿ ಜನ ಕಮ್ಮಿ ಅನ್ನೋದು ನಿಜ, ಆದ್ರೆ ಒಂದು ಪ್ರೊಸೆಸ್ ಒಳಗೆ ಒಟ್ಟಿಗೆ ಕಾಯ್ತಿದ್ದವರ ಲೆಕ್ಕ ಹಗಲಿಗಿಂತ ಜಾಸ್ತಿ ಇತ್ತು. ಡ್ಯಾಶ್‌ಬೋರ್ಡಲ್ಲಿ ಸರ್ಚ್ ನಿಧಾನ ಅಂತ ಹಳದಿ ಗುರುತು ಬಂದಿತ್ತು ಕೂಡ, ಭಾಷೆಗೂ ಅದಕ್ಕೂ ಸಂಬಂಧ ಇರುತ್ತೆ ಅಂತ ಯಾರಿಗೆ ಹೊಳೆಯುತ್ತೆ.

ಇನ್ನೊಂದು, ಇಂಜಿನಿಯರ್ ಶುರುವಿನಿಂದ ತಾನೇ ಚಾಟ್ ತೆರೆದು ಟೆಸ್ಟ್ ಮಾಡ್ತಾನೇ ಇದ್ದ, ಟೆಸ್ಟ್ ಸರ್ವರಲ್ಲಿ. ಅಲ್ಲಿ ಒಬ್ಬನೇ ಇದ್ದದ್ರಿಂದ ಯಾವಾಗ್ಲೂ ಸರಿ ಉತ್ತರ. ಬಾಟ್ ಆಫ್ ಮಾಡಿದ ಮೇಲೆ ಟೆಸ್ಟ್ ಸರ್ವರಲ್ಲಿ ಸರ್ಚನ್ನ ಬೇಕಂತಲೇ ಐದು ಸೆಕೆಂಡು ತಡ ಮಾಡಿಸಿ ಎರಡು ವಿಂಡೋ ತೆರೆದ, ಒಂದರಲ್ಲಿ ಕನ್ನಡ ಟೈಪ್ ಮಾಡಿ ಎಂಟರ್ ಒತ್ತಿ ಇನ್ನೊಂದರಲ್ಲಿ ತಮಿಳು ಒತ್ತಿದ. ಎರಡರಲ್ಲೂ ತಮಿಳು ಬಂತು. ಕ್ರಮ ತಿರುಗಿಸಿದ, ಎರಡರಲ್ಲೂ ಕನ್ನಡ. ಅಲ್ಲಿಗೆ ಕಾರಣ ಖಚಿತ ಆಯ್ತು.

ಏನು ಸೋರಿತ್ತು

ಲೀಡ್ ಕೇಳಿದ ಪ್ರಶ್ನೆಗೆ ಉತ್ತರ ಬೆಳಗಿನ ಜಾವ ಸಿಕ್ತು. ಆರ್ಡರ್ ವಿವರ ತೆಗೆಯೋ ಭಾಗ ಗ್ರಾಹಕರ ಐಡಿನ ಮೆಸೇಜಿಂದ ನೇರ ತಗೊಳ್ತಿತ್ತು, `ctx` ಮುಟ್ತಿರಲಿಲ್ಲ, ಹಾಗಾಗಿ ಯಾರ ಆರ್ಡರೂ ಬೇರೆಯವರಿಗೆ ಹೋಗಿಲ್ಲ. ಅದು ಯಾರೋ ಯೋಚನೆ ಮಾಡಿ ಬರೆದದ್ದೇನಲ್ಲ, ಆ ಭಾಗ ಬರೆದವರ ಅಭ್ಯಾಸ ಹಾಗಿತ್ತು ಅಷ್ಟೇ. ನಮಸ್ಕಾರದ ಜೊತೆ ಬರೋ ಹೆಸರು ಮಾತ್ರ `ctx.name`, ಅದು ಬೇರೆಯವರಿಗೆ ಹೋಗಿದೆ. ಭಾಷೆ ತಪ್ಪಿದ ಗಲಾಟೇಲಿ ಹೆಸರು ತಪ್ಪಿದ್ದನ್ನ ಹೆಚ್ಚು ಜನ ಗಮನಿಸಿರಲಿಲ್ಲ, ಗೊತ್ತಿಲ್ಲದ ಭಾಷೆಯಲ್ಲಿ ಬಂದ ಉತ್ತರದ ಮೊದಲ ಸಾಲನ್ನ ಯಾರು ಓದ್ತಾರೆ. ವಿಷಯ ಪ್ರೈವಸಿ ಟೀಮಿಗೆ ಹೋಯ್ತು, ಹೆಸರು ಯಾರಿಗೆ ಹೋಗಿದೆ ಅನ್ನೋದನ್ನ ಗೇಟ್‌ವೇ ಲಾಗ್ ಮತ್ತೆ ಕಳಿಸಿದ ಉತ್ತರಗಳನ್ನ ಹೊಂದಿಸಿ ಪಟ್ಟಿ ಮಾಡಿದ್ರು, ಆ ಗ್ರಾಹಕರಿಗೆ ಏನಾಯ್ತು ಅಂತ ನೇರವಾಗಿ ಬರೆದು ತಿಳಿಸಿದ್ರು. ಬಾಟ್‌ನ ಸ್ವಂತ ಲಾಗ್ ಈ ಪಟ್ಟಿಗೆ ಒಂದಿಷ್ಟೂ ಉಪಯೋಗ ಆಗಲಿಲ್ಲ.

ರಿಪೇರಿ

ಪೈಥಾನ್ 3.7ರಿಂದ ಇದಕ್ಕಂತಲೇ `contextvars` ಇದೆ, ಥ್ರೆಡ್ ಲೋಕಲ್ ಅಸಿಂಕ್ ಕೋಡಿಗೆ ಸಾಕಾಗಲ್ಲ ಅನ್ನೋ ಕಾರಣಕ್ಕೇ ಅದು ಬಂದದ್ದು. ಒಂದೊಂದು ಟಾಸ್ಕ್ ಶುರುವಾಗೋವಾಗ ಅದಕ್ಕೆ ಕಾಂಟೆಕ್ಸ್ಟ್‌ನ ಬೇರೆ ಪ್ರತಿ ಸಿಗುತ್ತೆ, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣಲ್ಲ. ಟೀಮಲ್ಲಿ ಅರ್ಧ ಜನ `threading.local` ತೆಗೆದು ಅದನ್ನ ಹಾಕಿದ್ರೆ ಮುಗೀತು ಅಂದ್ರು. ಲೀಡ್ ಒಪ್ಪಲಿಲ್ಲ. ಉತ್ತರ ತಯಾರಾಗೋ ದಾರೀಲಿ ಭಾಷೆ, ಹೆಸರು ಎರಡನ್ನೂ ಫಂಕ್ಷನ್ ಆರ್ಗ್ಯುಮೆಂಟಾಗಿ ಕೈಯಿಂದ ಕೈಗೆ ಕೊಡಬೇಕು, ಕಣ್ಣಿಗೆ ಕಾಣಬೇಕು, `contextvars` ಬರೀ ಲಾಗಿಗೆ ಇರ್ಲಿ ಅಂದ್ರು. ಕೋಡ್ ಸ್ವಲ್ಪ ಉದ್ದ ಆಯ್ತು, ಆದ್ರೆ ಯಾವ ಮಾಹಿತಿ ಎಲ್ಲಿಂದ ಬಂತು ಅಂತ ಓದಿದ್ರೇ ಗೊತ್ತಾಗುತ್ತೆ. ಇದು ನಂಗೂ ಸರಿ ಅನ್ಸುತ್ತೆ.

ಟೆಸ್ಟಿನ ಕಥೆ ಇನ್ನೂ ಒಂದು ಪಾಠ. ಇಬ್ಬರು ಗ್ರಾಹಕರು ಒಟ್ಟಿಗೆ ಬರೋ ಟೆಸ್ಟ್ ಮೊದ್ಲಿಂದಲೂ ಇತ್ತು, ಮತ್ತೆ ಅದು ದಿನಾ ಪಾಸ್ ಆಗ್ತಿತ್ತು! ಯಾಕಂದ್ರೆ ಟೆಸ್ಟಲ್ಲಿ ನಿಜವಾದ ಸರ್ಚ್ ಇಲ್ಲ, ತಕ್ಷಣ ಉತ್ತರ ಕೊಡೋ ನಕಲಿ ಸರ್ಚ್. `await` ಅಂತ ಬರೆದ ಮಾತ್ರಕ್ಕೆ ಕೆಲಸ ಬೇರೆಯವರಿಗೆ ಹೋಗಲ್ಲ, ಒಳಗೆ ಎಲ್ಲೋ ನಿಜವಾಗ್ಲೂ ಕಾಯಬೇಕು. ಕಾಯದೇ ಇದ್ರೆ ಮೊದಲನೆಯವರ ಕೆಲಸ ಪೂರ್ತಿ ಮುಗಿದೇ ಎರಡನೆಯವರದ್ದು ಶುರುವಾಗುತ್ತೆ. ನಕಲಿ ಸರ್ಚ್ ಒಳಗೆ ಒಂದು ಸಾಲು ಹಾಕಿದ ತಕ್ಷಣ ಹಳೇ ಕೋಡ್ ಫೇಲ್ ಆಯ್ತು:

```python
async def fake_search(text):
    await asyncio.sleep(0.1)
    return []
```

ನೀವು ಅಸಿಂಕ್ ಸರ್ವಿಸ್ ನೋಡ್ಕೊಳ್ತಿದ್ರೆ ನಿಮ್ಮ ಟೆಸ್ಟಿನ ನಕಲಿಗಳು ಹೀಗೆ ಕಾಯ್ತಾವಾ ಅಂತ ಒಮ್ಮೆ ನೋಡಿ.

ಎಲ್ಲಾ ಮುಗೀತು ಅಂದ್ಕೊಂಡ ಮೇಲೆ ಒಂದು ವಿಷಯ ಉಳಿದಿತ್ತು. ಗ್ರಾಹಕರ ಫೀಡ್‌ಬ್ಯಾಕನ್ನ ಡೇಟಾಬೇಸಿಗೆ ಬರೆಯೋ ಹಳೇ ಕೋಡೂ ಲಾಗಿನ ಹಾಗೇ ಭಾಷೆಯನ್ನ `contextvars`ನಿಂದ ತಗೊಳ್ತಿತ್ತು, ಆದ್ರೆ ಅದು `run_in_executor` ಮೂಲಕ ಬೇರೆ ಥ್ರೆಡ್ಡಲ್ಲಿ ಓಡ್ತಿತ್ತು. `asyncio.to_thread` ಬಳಸಿದ್ರೆ ಕಾಂಟೆಕ್ಸ್ಟ್ ಜೊತೆಗೇ ಹೋಗುತ್ತೆ, `run_in_executor` ತಾನಾಗಿ ಕಳಿಸಲ್ಲ. ಹಾಗಾಗಿ ಆ ಥ್ರೆಡ್ಡಲ್ಲಿ ಭಾಷೆ ಅನ್ನೋದೇ ಇರಲಿಲ್ಲ, ಆದ್ರೆ ಏನೂ ಕೆಟ್ಟ ಹಾಗೆ ಕಾಣ್ತಿರಲಿಲ್ಲ, ಯಾಕಂದ್ರೆ ಯಾರೋ ಒಳ್ಳೇದಕ್ಕೆ ಅಂತಲೇ ಡೀಫಾಲ್ಟ್ ಇಂಗ್ಲಿಷ್ ಅಂತ ಹಾಕಿದ್ರು. ರಿಪೋರ್ಟಲ್ಲಿ ಫೀಡ್‌ಬ್ಯಾಕ್ ಕೊಟ್ಟೋರೆಲ್ಲ ಇಂಗ್ಲಿಷಿನವರು! ಅದನ್ನ ಹಿಡಿದದ್ದೂ ಆ ರಾತ್ರಿ ಪಾಳಿಯವನೇ, ರಿಪೋರ್ಟ್ ನೋಡಿ ಇದ್ಯಾಕೆ ಇಷ್ಟು ನೀಟಾಗಿದೆ ಅಂತ ಅನುಮಾನ ಪಟ್ಟ. ಡೀಫಾಲ್ಟ್ ಕಿತ್ತು ಹಾಕಿ ಟೆಸ್ಟ್ ಓಡಿಸಿದ್ರೆ ನೇರ `LookupError`, ಸಾಲಿನ ನಂಬರ್ ಸಮೇತ. ಆಮೇಲೆ `to_thread`ಗೆ ಬದಲಾಯಿಸಿದ್ರು, ಡೀಫಾಲ್ಟನ್ನ ಮಾತ್ರ ವಾಪಸ್ ಹಾಕಲಿಲ್ಲ.